ಬಸದಿಯ ಪತ್ರಿಕಾ ಪ್ರಕಟಣೆ: ಕಳುಹಿಸುವ ಮೊದಲು ಮೂರು ಪರೀಕ್ಷೆ

ಉತ್ಸವ ಮುಗಿದ ರಾತ್ರಿ ಸಮಿತಿಯ ಕಾರ್ಯದರ್ಶಿಗಳು ಲೆಟರ್‌ಹೆಡ್ ತೆಗೆದು ಪತ್ರಿಕಾ ಪ್ರಕಟಣೆ ಬರೆಯುತ್ತಾರೆ. ಅಧ್ಯಕ್ಷರು ಓದಿ ಬಿಟ್ಟುಹೋದ ಹೆಸರುಗಳನ್ನು ಸೇರಿಸುತ್ತಾರೆ. ಮರುದಿನ ಅದು ಪತ್ರಿಕೆಗಳಿಗೆ ಹೋಗುತ್ತದೆ. ಮೂರನೆಯ ದಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. "ನಮ್ಮ ಸಮಾಜದ ಸುದ್ದಿ ಎಂದರೆ ಪತ್ರಿಕೆಯವರಿಗೆ ಅಸಡ್ಡೆ" ಎಂಬ ಮಾತು ಆಗ ಹುಟ್ಟುತ್ತದೆ.

ಹೆಚ್ಚಿನ ಸಲ ಕಾರಣ ಅಸಡ್ಡೆಯಲ್ಲ. ಕರಡಿನಲ್ಲಿ ಸುದ್ದಿ ಇರುತ್ತದೆ, ಆದರೆ ಉಪಸಂಪಾದಕರ ಕಣ್ಣಿಗೆ ಬೀಳದ ಜಾಗದಲ್ಲಿ ಇರುತ್ತದೆ. ಸುದ್ದಿಮನೆಯಲ್ಲಿ ಜಾಗ ಸಾಲದಿದ್ದಾಗ ಬರಹವನ್ನು ಕೆಳಗಿನಿಂದ ಕತ್ತರಿಸುವುದು ಹಳೆಯ ರೂಢಿ. ನಮ್ಮ ಪ್ರಕಟಣೆಗಳಲ್ಲಿ ಮುಖ್ಯ ವಿಷಯ ಸಾಮಾನ್ಯವಾಗಿ ಕೊನೆಯಲ್ಲೇ ಇರುವುದರಿಂದ ಮೊದಲು ಹೋಗುವುದೂ ಅದೇ. ಆದ್ದರಿಂದ ಕಳುಹಿಸುವ ಮೊದಲು ಕರಡನ್ನು ಮೂರು ವಿಷಯಗಳಲ್ಲಿ ನಾವೇ ಪರೀಕ್ಷಿಸಿಕೊಳ್ಳಬೇಕು: ಇದರಲ್ಲಿ ಸುದ್ದಿ ಯಾವುದು, ಶೀರ್ಷಿಕೆ ಅದನ್ನು ಹೇಳುತ್ತದೆಯೇ, ಉದ್ಧರಿಸಬಹುದಾದ ಒಂದು ಮಾತಾದರೂ ಇದೆಯೇ. ಒಂದೇ ಕರಡನ್ನು ಹಿಡಿದು ಈ ಮೂರನ್ನೂ ನೋಡೋಣ. ಈ ಕರಡು, ಇದರೊಳಗಿನ ಸಂಖ್ಯೆಗಳು ಮತ್ತು ಮಾತುಗಳು ಉದಾಹರಣೆಗಾಗಿ ಬರೆದವು. ಆದರೆ ಇದರ ರೂಪ ಸಮಿತಿಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಪರಿಚಿತವೇ.

ಕರಡು

ಶೀರ್ಷಿಕೆ: "ಭಗವಾನ್ ಶ್ರೀ 1008 ಪಾರ್ಶ್ವನಾಥ ಸ್ವಾಮಿ ಬಸದಿಯಲ್ಲಿ ಪರಮಪೂಜ್ಯ ಸ್ವಾಮೀಜಿಯವರ ದಿವ್ಯ ಸಾನ್ನಿಧ್ಯದಲ್ಲಿ ವಿಜೃಂಭಣೆಯಿಂದ ಜರುಗಿದ ವಾರ್ಷಿಕ ವರ್ಧಂತ್ಯುತ್ಸವ ಹಾಗೂ ಧಾರ್ಮಿಕ ಸಭಾ ಕಾರ್ಯಕ್ರಮ."

ಮೊದಲ ಪ್ಯಾರಾದಲ್ಲಿ ಬೆಳಗಿನ ತೋರಣ ಮುಹೂರ್ತ, ಪಂಚಾಮೃತ ಅಭಿಷೇಕ, ಮಹಾಮಂಗಳಾರತಿಯ ವಿವರ. ಎರಡನೆಯದರಲ್ಲಿ ವೇದಿಕೆಯಲ್ಲಿದ್ದ 19 ಮಂದಿಯ ಹೆಸರು, ಹುದ್ದೆ. ಮೂರನೆಯದರಲ್ಲಿ ಭಾಷಣಗಳ ಸಾರ: "ಶಿಕ್ಷಣದಿಂದಲೇ ಸಮಾಜದ ಸರ್ವಾಂಗೀಣ ಅಭಿವೃದ್ಧಿ ಸಾಧ್ಯ ಎಂದರು." ನಾಲ್ಕನೆಯದರಲ್ಲಿ ಒಂದು ವಾಕ್ಯ: "ಟ್ರಸ್ಟ್ ವತಿಯಿಂದ ಸಮಾಜದ ವಿದ್ಯಾರ್ಥಿನಿಯರಿಗಾಗಿ ಸೂರ್ಯಾಸ್ತಕ್ಕೆ ಮುನ್ನ ಭೋಜನ ವ್ಯವಸ್ಥೆಯುಳ್ಳ ಉಚಿತ ವಿದ್ಯಾರ್ಥಿನಿಲಯ ಆರಂಭಿಸಲು ಸಂಕಲ್ಪಿಸಲಾಗಿದ್ದು, ಆಸಕ್ತರು ಸಂಪರ್ಕಿಸಬಹುದು." ಕೊನೆಯ ಪ್ಯಾರಾದಲ್ಲಿ ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆ ಮಾಡಿದವರ ಹೆಸರು.

ಮೊದಲ ಪರೀಕ್ಷೆ: ಸುದ್ದಿ ಎಲ್ಲಿದೆ?

ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಪಕ್ಕದಲ್ಲೂ ಒಂದೇ ಪ್ರಶ್ನೆ ಕೇಳಿ: ಅಂದು ಬಸದಿಗೆ ಬಾರದಿದ್ದ ಒಬ್ಬರು ಇದನ್ನು ಓದಿ ಮನೆಯಲ್ಲಿ ಇನ್ನೊಬ್ಬರಿಗೆ ಹೇಳುತ್ತಾರೆಯೇ? ಹೇಳುತ್ತಾರೆ ಎನ್ನಿಸಿದರೆ ಗುರುತು ಹಾಕಿ.

ಅಭಿಷೇಕದ ವಿವರಕ್ಕೆ ಗುರುತು ಬೀಳುವುದಿಲ್ಲ. ಅದು ಪುಣ್ಯಕಾರ್ಯ, ಆದರೆ ಪ್ರತಿ ವರ್ಷ ಅದೇ ಕ್ರಮದಲ್ಲಿ ನಡೆಯುತ್ತದೆ. ಬಂದವರಿಗೆ ಗೊತ್ತಿದೆ, ಬಾರದವರು ಊಹಿಸಬಲ್ಲರು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವೂ ಅಭಿಷೇಕವೇ. ಆದರೆ ಅದು ಸಾಮಾನ್ಯವಾಗಿ 12 ವರ್ಷಗಳಿಗೊಮ್ಮೆ ನಡೆಯುವಂಥದ್ದು. 2018ರ ಫೆಬ್ರವರಿಯಲ್ಲಿ ಅದು ನಡೆದಾಗ ನಾಡಿನ ಪತ್ರಿಕೆಗಳು ಅದಕ್ಕೆ ದೊಡ್ಡ ಜಾಗ ಕೊಟ್ಟವು. ಪತ್ರಿಕೆ ಆಚರಣೆಯ ಪಾವಿತ್ರ್ಯವನ್ನು ಅಳೆಯುವುದಿಲ್ಲ, ಅದು ಎಷ್ಟು ಅಪರೂಪ, ಎಷ್ಟು ಜನರನ್ನು ಮುಟ್ಟುತ್ತದೆ ಎಂಬುದನ್ನು ನೋಡುತ್ತದೆ. ಇದನ್ನು ಒಪ್ಪಿಕೊಂಡರೆ ಅರ್ಧ ಬೇಸರ ತಾನಾಗಿ ಕಡಿಮೆಯಾಗುತ್ತದೆ.

ಹೆಸರುಗಳಿಗೂ ಭಾಷಣದ ಸಾರಕ್ಕೂ ಗುರುತು ಬೀಳುವುದಿಲ್ಲ. ಬೀಳುವುದು ನಾಲ್ಕನೆಯ ಪ್ಯಾರಾದ ಆ ಒಂದು ವಾಕ್ಯಕ್ಕೆ ಮಾತ್ರ. ಮಗಳನ್ನು ಪಟ್ಟಣದ ಕಾಲೇಜಿಗೆ ಸೇರಿಸಿದ ಯಾವ ಜೈನ ಕುಟುಂಬಕ್ಕೂ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸಾಮಾನ್ಯ ಹಾಸ್ಟೆಲುಗಳಲ್ಲಿ ರಾತ್ರಿ ಊಟ ಎಂಟರ ಸುಮಾರಿಗೆ. ಚಳಿಗಾಲದಲ್ಲಿ ಆರು ಗಂಟೆಯ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. ರಾತ್ರಿಭೋಜನ ತ್ಯಾಗ ಪಾಲಿಸುವ ಹುಡುಗಿ ಒಂದೋ ನಿಯಮ ಬಿಡಬೇಕು, ಇಲ್ಲವೇ ಊಟ ಬಿಡಬೇಕು. ಹಾಗಾಗಿ ಈ ಕರಡಿನ ಸುದ್ದಿ ವರ್ಧಂತ್ಯುತ್ಸವವಲ್ಲ, ವಿದ್ಯಾರ್ಥಿನಿಲಯ. ಉತ್ಸವ ಅದನ್ನು ಘೋಷಿಸಿದ ಸಂದರ್ಭ, ಅಷ್ಟೇ.

ಸುದ್ದಿ ಸಿಕ್ಕಿತೆಂದು ಇಲ್ಲಿಗೆ ನಿಲ್ಲಿಸಬಾರದು. ಆ ವಾಕ್ಯವೇ ಗಟ್ಟಿ ಇದೆಯೇ ಎಂದು ತಟ್ಟಿ ನೋಡಬೇಕು. ಇದರಲ್ಲಿ ಸಂಶಯ ಹುಟ್ಟಿಸುವ ಪದಗಳು ಮೂರು.

ಒಂದು, "ಸಂಕಲ್ಪಿಸಲಾಗಿದೆ". ಸಂಕಲ್ಪ ಬೇರೆ, ತೀರ್ಮಾನ ಬೇರೆ. ಟ್ರಸ್ಟಿನ ಸಭೆಯಲ್ಲಿ ಠರಾವು ಆಗಿದೆಯೇ, ಕಟ್ಟಡ ಸಿದ್ಧವಿದೆಯೇ, ಮೇಲ್ವಿಚಾರಕಿ ಮತ್ತು ಅಡುಗೆಯವರು ಗೊತ್ತಾಗಿದ್ದಾರೆಯೇ ಎಂದು ಕೇಳಬೇಕು. ಉತ್ತರ "ಇನ್ನೂ ಇಲ್ಲ" ಎಂದಾದರೆ ಇದು ಇಂದಿನ ಸುದ್ದಿಯಲ್ಲ, ಮೂರು ತಿಂಗಳ ನಂತರದ ಸುದ್ದಿ. ಈಗಲೇ ಪ್ರಕಟಿಸಿದರೆ ತಂದೆತಾಯಿ ಬೇರೆ ಕಡೆ ಸೀಟು ಹಿಡಿಯದೆ ಕಾಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಕೇಳಿದಾಗ ಉತ್ತರ ಸಮಾಧಾನಕರವಾಗಿತ್ತು ಎಂದಿಟ್ಟುಕೊಳ್ಳೋಣ: ಠರಾವು ಆಗಿದೆ, ಬಸದಿಯ ಪಕ್ಕದ ಹಳೆಯ ಕಟ್ಟಡ ದುರಸ್ತಿಯಾಗಿದೆ, ಜೂನ್‌ನಲ್ಲಿ ಆರಂಭ, 30 ಮಂದಿಗೆ ಜಾಗ.

ಎರಡು, "ಉಚಿತ". ಯಾವುದು ಉಚಿತ? ಕೇಳಿದಾಗ ತಿಳಿದದ್ದು: ವಸತಿ ಮಾತ್ರ ಉಚಿತ, ಊಟಕ್ಕೆ ತಿಂಗಳಿಗೆ 1,500 ರೂಪಾಯಿ. ಬರೆದವರಿಗೆ ಮೋಸದ ಉದ್ದೇಶವಿರಲಿಲ್ಲ, ಅವರ ಮನಸ್ಸಿನಲ್ಲಿ ಬಾಡಿಗೆಯ ಲೆಕ್ಕ ಮಾತ್ರ ಇತ್ತು. ಆದರೆ ದೂರದ ಹಳ್ಳಿಯಿಂದ ಪೆಟ್ಟಿಗೆ ಹೊತ್ತು ಬಂದ ತಂದೆಗೆ ಆ ವ್ಯತ್ಯಾಸ ಕಚೇರಿಯ ಬಾಗಿಲಲ್ಲಿ ತಿಳಿಯುವುದು ಸರಿಯಲ್ಲ.

ಮೂರು, "ಆಸಕ್ತರು ಸಂಪರ್ಕಿಸಬಹುದು". ಯಾರನ್ನು, ಯಾವ ಸಂಖ್ಯೆಗೆ, ಎಂದಿನೊಳಗೆ? ಯಾವ ತರಗತಿಯವರು ಅರ್ಹರು? ನಮ್ಮ ಉದಾಹರಣೆಯಲ್ಲಿ ಪಿಯುಸಿ ಮತ್ತು ಪದವಿ ವಿದ್ಯಾರ್ಥಿನಿಯರು ಅರ್ಹರು, ಅರ್ಜಿಗೆ ಮೇ 31 ಕೊನೆಯ ದಿನ. ಕರಡಿನಲ್ಲಿ ಇದ್ಯಾವುದೂ ಇರಲಿಲ್ಲ. ಓದಿದವರು ಏನು ಮಾಡಬೇಕೆಂದು ಹೇಳದ ಪ್ರಕಟಣೆ, ಅಚ್ಚಾದರೂ, ಒಂದು ಅರ್ಜಿಯನ್ನೂ ತರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಸುದ್ದಿಗೆ ತೂಕ ಬರಲೆಂದು "ರಾಜ್ಯದಲ್ಲೇ ಪ್ರಥಮ" ಎಂದು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸಮಾಜದ ಮಠಗಳೂ ಟ್ರಸ್ಟುಗಳೂ ದಶಕಗಳಿಂದ ವಿದ್ಯಾರ್ಥಿನಿಲಯ ನಡೆಸುತ್ತಿವೆ. ಪರಿಶೀಲಿಸದೆ ಬರೆದ ಒಂದು "ಪ್ರಥಮ" ಸುಳ್ಳೆಂದು ಗೊತ್ತಾದರೆ ಉಪಸಂಪಾದಕರು ಉಳಿದ ವಾಕ್ಯಗಳನ್ನೂ ನಂಬುವುದಿಲ್ಲ.

ಎರಡನೆಯ ಪರೀಕ್ಷೆ: ಶೀರ್ಷಿಕೆ

ಕರಡಿನ ಶೀರ್ಷಿಕೆಯನ್ನು ಜೋರಾಗಿ ಓದಿ. ಒಂದು ಉಸಿರಿನಲ್ಲಿ ಮುಗಿಯುವುದಿಲ್ಲ. ಒಂದು ಕಾಲಂ ಸುದ್ದಿಯ ಮೇಲೆ ಅದನ್ನು ಕೂರಿಸಲು ಹೊರಟರೆ ಸುದ್ದಿಗಿಂತ ಶೀರ್ಷಿಕೆಯೇ ಎತ್ತರವಾಗುತ್ತದೆ. ಕನ್ನಡದಲ್ಲಿ ಪದಗಳ ಸಂಖ್ಯೆ ಎಣಿಸಿ ನೆಮ್ಮದಿಯಾಗಿ ಇರುವಂತಿಲ್ಲ. "ವರ್ಧಂತ್ಯುತ್ಸವ", "ಸಾನ್ನಿಧ್ಯದಲ್ಲಿ" ಎಂಬ ಒಂದೊಂದು ಪದವೇ ಅರ್ಧ ಸಾಲು ನುಂಗುತ್ತದೆ. ಅಕ್ಷರಗಳ ಅಗಲವನ್ನೇ ನೋಡಬೇಕು.

ಉದ್ದಕ್ಕಿಂತ ದೊಡ್ಡ ದೋಷ ಬೇರೆ ಇದೆ: ಆ ಶೀರ್ಷಿಕೆಯನ್ನು ಬಸದಿಯ ಹೆಸರು ಬದಲಿಸಿ ಯಾವ ಬಸದಿಗಾದರೂ, ಯಾವ ವರ್ಷಕ್ಕಾದರೂ ಹಾಕಬಹುದು. ಬೇರೆಯವರ ಸುದ್ದಿಗೂ ಹೊಂದುವ ಶೀರ್ಷಿಕೆ ನಮ್ಮ ಸುದ್ದಿಯನ್ನು ಹೇಳುತ್ತಿಲ್ಲ ಎಂದೇ ಅರ್ಥ. ಅದನ್ನು ತಿದ್ದುವ ಪ್ರಯತ್ನಗಳನ್ನು ಒಂದೊಂದಾಗಿ ನೋಡೋಣ.

"ವರ್ಧಂತ್ಯುತ್ಸವ ಸಂಪನ್ನ, ವಿದ್ಯಾರ್ಥಿನಿಲಯ ಘೋಷಣೆ". ಚಿಕ್ಕದಾಯಿತು. ಆದರೆ ಎರಡು ಸುದ್ದಿಗಳು ಒಂದೇ ಸಾಲಿನಲ್ಲಿ ತಳ್ಳಾಡುತ್ತಿವೆ, ಹಳೆಯದು ಮುಂದೆ ನಿಂತಿದೆ.

"ಜೈನ ವಿದ್ಯಾರ್ಥಿನಿಯರಿಗೆ ಸುವರ್ಣಾವಕಾಶ". ಇದು ಜಾಹೀರಾತಿನ ಧಾಟಿ. ಅವಕಾಶ ಯಾವುದೆಂದು ಹೇಳಲಿಲ್ಲ. ಇದನ್ನು ನೋಡಿದ ಉಪಸಂಪಾದಕರಿಗೆ ಮೊದಲು ನೆನಪಾಗುವುದು ಜಾಹೀರಾತು ವಿಭಾಗ.

"ವಿದ್ಯಾರ್ಥಿನಿಯರಿಗೆ ಉಚಿತ ಊಟ, ವಸತಿ". ಸ್ಪಷ್ಟವಾಗಿದೆ, ಆದರೆ ನಿಜವಲ್ಲ. ಊಟಕ್ಕೆ ಹಣವಿದೆ ಎಂದು ಈಗಷ್ಟೇ ತಿಳಿದುಕೊಂಡೆವು.

"ಸೂರ್ಯಾಸ್ತಕ್ಕೆ ಮೊದಲೇ ಊಟ: 30 ವಿದ್ಯಾರ್ಥಿನಿಯರಿಗೆ ಉಚಿತ ವಸತಿ". ಇದು ನಿಲ್ಲುತ್ತದೆ. ಸಾಮಾನ್ಯ ವಿದ್ಯಾರ್ಥಿನಿಲಯಗಳಿಗೆ ಹೊಂದದ ಗುಣ ಮುಂದೆ ಬಂದಿದೆ, ಸಂಖ್ಯೆ ಇದೆ, "ಉಚಿತ" ಎಂಬ ಪದ ವಸತಿಗೆ ಮಾತ್ರ ಅಂಟಿಕೊಂಡಿದೆ. ಜೈನೇತರ ಓದುಗರಿಗೂ "ಸೂರ್ಯಾಸ್ತಕ್ಕೆ ಮೊದಲೇ ಏಕೆ?" ಎಂಬ ಕುತೂಹಲ ಹುಟ್ಟುತ್ತದೆ, ಅದು ಅವರನ್ನು ಮೊದಲ ಪ್ಯಾರಾಕ್ಕೆ ಇಳಿಸುತ್ತದೆ. ಕನ್ನಡ ಪತ್ರಿಕೆಗಳ ಶೀರ್ಷಿಕೆಗಳು ಕ್ರಿಯಾಪದವಿಲ್ಲದೆ ನಾಮಪದದಲ್ಲೇ ಮುಗಿಯುವುದು ಹೆಚ್ಚು. ಈ ಶೀರ್ಷಿಕೆಯೂ ಹಾಗೆಯೇ ಮುಗಿದಿರುವುದರಿಂದ ಯಾರೂ ತಿದ್ದುವ ಅಗತ್ಯ ಬೀಳುವುದಿಲ್ಲ.

ಇಲ್ಲಿ ಹಿರಿಯರೊಬ್ಬರು ಆಕ್ಷೇಪಿಸುವುದು ಸಹಜ: ಭಗವಂತರ ಹೆಸರಿನ ಹಿಂದಿನ 1008, ಮುನಿಗಳ ಹೆಸರಿನ ಹಿಂದಿನ 108 ಬಿಡುವುದು ಅವಿನಯವಲ್ಲವೇ? ಸಮಾಜದ ಪತ್ರಿಕೆ ಮತ್ತು ಜಾಲತಾಣಗಳಿಗೆ ಕಳುಹಿಸುವ ಪ್ರತಿಯಲ್ಲಿ ಅವು ಇರಲಿ, ಇರಲೇಬೇಕು. ದಿನಪತ್ರಿಕೆಗಳಿಗೆ ಅವರವರದೇ ಬರವಣಿಗೆಯ ಕ್ರಮವಿದೆ, ಯಾವ ಮತದ ಗುರುಗಳ ಹೆಸರಿಗೂ ಅವರು ಪೂರ್ಣ ಬಿರುದಾವಳಿ ಹಾಕುವುದಿಲ್ಲ. ದಿನಪತ್ರಿಕೆಯ ಪ್ರತಿಯಲ್ಲಿ ಶೀರ್ಷಿಕೆಯನ್ನು ಸರಳವಾಗಿಟ್ಟು ಒಳಗೆ ಗೌರವದ ರೂಪ ಬಳಸಿದರೆ ಸಾಕು. "ವಿಜೃಂಭಣೆ", "ಅದ್ದೂರಿ", "ಯಶಸ್ವಿ" ಎಂಬ ಪದಗಳನ್ನು ಮಾತ್ರ ಎರಡೂ ಪ್ರತಿಗಳಿಂದ ತೆಗೆಯಬಹುದು. ಕಾರ್ಯಕ್ರಮ ನಡೆಸಿದವರೇ ಅದು ಅದ್ದೂರಿಯಾಯಿತು ಎಂದರೆ ಓದುಗರಿಗೆ ಅದು ಮಾಹಿತಿಯಲ್ಲ.

ಮೂರನೆಯ ಪರೀಕ್ಷೆ: ಉದ್ಧರಿಸಬಹುದಾದ ಮಾತು

ಪ್ರಕಟಣೆಯಲ್ಲಿ ಉದ್ಧರಣ ಚಿಹ್ನೆಯೊಳಗಿನ ಮಾತು ಏಕೆ ಬೇಕು? ವರದಿಗಾರರು ಸ್ಥಳಕ್ಕೆ ಬಂದಿಲ್ಲ. ಒಬ್ಬ ಮನುಷ್ಯನ ದನಿಯನ್ನು ನಾವೇ ತಲುಪಿಸಿದರೆ ಸುದ್ದಿ ನೋಟಿಸಿನಂತೆ ಕಾಣುವುದಿಲ್ಲ. ಆದರೆ ಎಲ್ಲ ಮಾತೂ ಈ ಕೆಲಸಕ್ಕೆ ಬರುವುದಿಲ್ಲ. ಪರೀಕ್ಷೆ ಸುಲಭ: ಆ ಮಾತನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ಏನೂ ಕಳೆದಂತೆ ಅನ್ನಿಸದಿದ್ದರೆ ಆ ಮಾತು ಬೇಡ.

"ಶಿಕ್ಷಣದಿಂದಲೇ ಸಮಾಜದ ಸರ್ವಾಂಗೀಣ ಅಭಿವೃದ್ಧಿ ಸಾಧ್ಯ" ಎಂಬುದನ್ನು ಮುಚ್ಚಿದರೆ ಏನೂ ಕಳೆಯುವುದಿಲ್ಲ. ಮಾತು ಸುಳ್ಳಲ್ಲ, ಆದರೆ ಯಾರೂ ಅದನ್ನು ಅಲ್ಲಗಳೆಯುವುದಿಲ್ಲ, ಯಾವ ಸಭೆಯಲ್ಲೂ ಯಾರೂ ಅದನ್ನು ಹೇಳಬಹುದು.

ಒಳ್ಳೆಯ ಮಾತು ಬೇಕಾದರೆ "ಒಂದು ಹೇಳಿಕೆ ಕೊಡಿ" ಎಂದು ಕೇಳಬಾರದು. ಹೇಳಿಕೆ ಎಂದ ಕೂಡಲೇ ಜನ ಭಾಷಣದ ಕನ್ನಡಕ್ಕೆ ಹೊರಳುತ್ತಾರೆ. ಅವರು ಕಾರಣ ಕೊಡಲೇಬೇಕಾದ ಪ್ರಶ್ನೆಯನ್ನು ಕೇಳಬೇಕು. ಅಧ್ಯಕ್ಷರನ್ನು "ಮೂವತ್ತೇ ಏಕೆ?" ಎಂದು ಕೇಳಿದಾಗ ಬಂದ ಉತ್ತರ: "ನಮ್ಮ ಅಡುಗೆಮನೆ ಚಿಕ್ಕದು. ಮೂವತ್ತು ಜನಕ್ಕೆ ಹೊತ್ತಿಗೆ ಸರಿಯಾಗಿ ಬಡಿಸಬಹುದು. ನೂರು ಜನರನ್ನು ಸೇರಿಸಿಕೊಂಡು ಊಟ ಕತ್ತಲಾದ ಮೇಲೆ ಬಡಿಸಿದರೆ ಈ ನಿಲಯ ಮಾಡಿ ಪ್ರಯೋಜನವೇನು?" ಇದರಲ್ಲಿ ಒಂದು ಕಾರಣವಿದೆ, ಒಂದು ಮಿತಿಯ ಒಪ್ಪಿಗೆಯಿದೆ, ಏನನ್ನು ಬಿಟ್ಟು ಏನನ್ನು ಉಳಿಸಿಕೊಂಡರು ಎಂಬುದಿದೆ. ಬೆರಳು ಮುಚ್ಚಿದರೆ ಕಳೆಯುವುದು ಗೊತ್ತಾಗುತ್ತದೆ.

ಸಭೆಗೆ ಬಂದಿದ್ದ ಒಬ್ಬ ತಾಯಿಯನ್ನು "ಈಗ ಮಗಳ ಊಟಕ್ಕೆ ಏನು ಮಾಡುತ್ತೀರಿ?" ಎಂದು ಕೇಳಿದಾಗ ಅವರು ಹೇಳಿದ್ದು: "ಹಾಸ್ಟೆಲಲ್ಲಿ ಊಟ ಎಂಟು ಗಂಟೆಗೆ. ಅವಳು ಎರಡು ವರ್ಷದಿಂದ ಸಂಜೆ ಅವಲಕ್ಕಿ, ಬಾಳೆಹಣ್ಣು ತಿಂದು ಮಲಗ್ತಾಳೆ." ಈ ಮಾತು ಇಡೀ ಸುದ್ದಿಯ ಅಗತ್ಯವನ್ನು ಎರಡು ವಾಕ್ಯದಲ್ಲಿ ತೋರಿಸುತ್ತದೆ. ಪದವಿಯಿಲ್ಲದ ಈ ತಾಯಿಯ ಮಾತು ವೇದಿಕೆಯ 19 ಮಂದಿಯ ಮಾತಿಗಿಂತ ಮೇಲೆ ಬರಬೇಕಾದದ್ದು ಅದಕ್ಕಾಗಿಯೇ.

ಹೀಗೆ ತೆಗೆದುಕೊಂಡ ಮಾತನ್ನು ಬಳಸುವಾಗ ಎಚ್ಚರ ಬೇಕು. ಮಾತನ್ನು ಗ್ರಂಥಸ್ಥಗೊಳಿಸಬೇಡಿ. "ಮಲಗ್ತಾಳೆ" ಎಂಬುದನ್ನು "ಮಲಗುತ್ತಾಳೆ" ಎಂದು ಬರೆಯುವುದು ಪತ್ರಿಕೆಗಳಲ್ಲಿ ನಡೆಯುತ್ತದೆ. ಆದರೆ "ಅವಲಕ್ಕಿ, ಬಾಳೆಹಣ್ಣು" ಎಂಬುದನ್ನು "ಲಘು ಉಪಾಹಾರ" ಎಂದು ತಿದ್ದಿದರೆ ಮಾತು ಸತ್ತಿತು. ಉದ್ಧರಣ ಚಿಹ್ನೆ ಹಾಕಿದರೆ ಒಳಗಿರುವುದು ಅವರೇ ಆಡಿದ ಮಾತಾಗಿರಬೇಕು. ನೆನಪಿನಿಂದ ಸಾರ ಬರೆಯುವುದಾದರೆ ಚಿಹ್ನೆಯಿಲ್ಲದೆ "ಎಂದು ತಿಳಿಸಿದರು" ಎನ್ನಿ. ಸ್ವಾಮೀಜಿಯವರ ಅಥವಾ ಮುನಿಗಳ ಪ್ರವಚನದ ಮಾತಾದರೆ ಇದು ಇನ್ನೂ ಮುಖ್ಯ. ಅವರು ಹೇಳದ ವಾಕ್ಯವನ್ನು ಚೆನ್ನಾಗಿದೆಯೆಂದು ಅವರ ಬಾಯಲ್ಲಿ ಇಡುವಂತಿಲ್ಲ, ಬರೆದದ್ದನ್ನು ಒಮ್ಮೆ ತೋರಿಸಿ ಒಪ್ಪಿಗೆ ಪಡೆಯಬೇಕು.

ತಾಯಿಯ ವಿಷಯದಲ್ಲೂ ಒಪ್ಪಿಗೆ ಬೇಕು. ಅವರ ಮಾತು, ಹೆಸರು ಪತ್ರಿಕೆಯಲ್ಲಿ ಬರುತ್ತದೆ ಎಂದು ಮೊದಲೇ ತಿಳಿಸಿ. ಮಗಳು ಇನ್ನೂ ಅದೇ ಹಾಸ್ಟೆಲಿನಲ್ಲಿದ್ದಾಳೆ. ಹಾಗಾಗಿ ಹಾಸ್ಟೆಲಿನ ಹೆಸರೂ ಹುಡುಗಿಯ ಹೆಸರೂ ಬೇಡ. ತಾಯಿ ಹಿಂದೆ ಸರಿದರೆ ಒತ್ತಾಯಿಸದೆ ಅಧ್ಯಕ್ಷರ ಮಾತನ್ನೇ ಬಳಸಿ.

ತಿದ್ದಿದ ಪ್ರಕಟಣೆ

> ಸೂರ್ಯಾಸ್ತಕ್ಕೆ ಮೊದಲೇ ಊಟ: 30 ವಿದ್ಯಾರ್ಥಿನಿಯರಿಗೆ ಉಚಿತ ವಸತಿ
>
> (ಊರು): ರಾತ್ರಿ ಊಟ ಮಾಡದ ಜೈನ ನಿಯಮ ಪಾಲಿಸುವ ವಿದ್ಯಾರ್ಥಿನಿಯರಿಗಾಗಿ (ಊರಿನ) ಪಾರ್ಶ್ವನಾಥ ಸ್ವಾಮಿ ಬಸದಿಯ ಟ್ರಸ್ಟ್ ಜೂನ್‌ನಲ್ಲಿ ವಿದ್ಯಾರ್ಥಿನಿಲಯ ಆರಂಭಿಸಲಿದೆ. ಪಿಯುಸಿ ಮತ್ತು ಪದವಿ ಓದುವ ಸಮಾಜದ 30 ವಿದ್ಯಾರ್ಥಿನಿಯರಿಗೆ ಅವಕಾಶವಿದ್ದು, ಮೇ 31ರೊಳಗೆ ಅರ್ಜಿ ಸಲ್ಲಿಸಬೇಕು. ವಸತಿ ಉಚಿತ. ಊಟಕ್ಕೆ ತಿಂಗಳಿಗೆ 1,500 ರೂಪಾಯಿ. ಸಂಪರ್ಕ: (ಹೆಸರು, ಸಂಖ್ಯೆ).
>
> "ಹಾಸ್ಟೆಲಲ್ಲಿ ಊಟ ಎಂಟು ಗಂಟೆಗೆ. ಅವಳು ಎರಡು ವರ್ಷದಿಂದ ಸಂಜೆ ಅವಲಕ್ಕಿ, ಬಾಳೆಹಣ್ಣು ತಿಂದು ಮಲಗುತ್ತಾಳೆ" ಎಂದು ವಿದ್ಯಾರ್ಥಿನಿಯೊಬ್ಬರ ತಾಯಿ (ಹೆಸರು) ಹೇಳಿದರು.
>
> ನಿಲಯದಲ್ಲಿ ಪ್ರತಿದಿನ ಸೂರ್ಯಾಸ್ತಕ್ಕೆ ಮೊದಲು ಊಟ ಬಡಿಸಲಾಗುವುದು. "ನಮ್ಮ ಅಡುಗೆಮನೆ ಚಿಕ್ಕದು. ಮೂವತ್ತು ಜನಕ್ಕೆ ಹೊತ್ತಿಗೆ ಸರಿಯಾಗಿ ಬಡಿಸಬಹುದು" ಎಂದು ಟ್ರಸ್ಟ್ ಅಧ್ಯಕ್ಷ (ಹೆಸರು) ತಿಳಿಸಿದರು.
>
> ಬಸದಿಯ ವಾರ್ಷಿಕ ವರ್ಧಂತ್ಯುತ್ಸವದಲ್ಲಿ, ಸ್ವಾಮೀಜಿಯವರ ಸಾನ್ನಿಧ್ಯದಲ್ಲಿ ಈ ಘೋಷಣೆ ಮಾಡಲಾಯಿತು. (ಮುಖ್ಯ ಅತಿಥಿಗಳ ಹೆಸರು) ಉಪಸ್ಥಿತರಿದ್ದರು.

ಈಗ ಕಾಗದವನ್ನು ಕೆಳಗಿನಿಂದ ಮಡಚುತ್ತಾ ಬನ್ನಿ. ಕೊನೆಯ ಪ್ಯಾರಾ ಹೋದರೂ ಸುದ್ದಿ ಉಳಿಯುತ್ತದೆ. ಇನ್ನೆರಡು ಹೋದರೂ ಮೊದಲ ಪ್ಯಾರಾ ಒಂಟಿಯಾಗಿ ನಿಂತು ಎಲ್ಲಿ, ಯಾರಿಗೆ, ಎಷ್ಟು, ಎಂದಿನೊಳಗೆ ಎಂದು ಹೇಳುತ್ತದೆ. ಮೊದಲಿನ ಕರಡನ್ನು ಹೀಗೆ ಮಡಚಿದ್ದರೆ ಎರಡನೆಯ ಮಡಿಕೆಗೇ ವಿದ್ಯಾರ್ಥಿನಿಲಯ ಮಾಯವಾಗಿ, ಅಭಿಷೇಕ, ಹೆಸರುಗಳು ಮತ್ತು ಭಾಷಣಗಳ ಸಾರವಷ್ಟೇ ಉಳಿಯುತ್ತಿದ್ದವು.

ಉಳಿದದ್ದು ಹೆಸರುಗಳ ಪ್ರಶ್ನೆ. ಪೂಜೆಯ ಸೇವೆ ವಹಿಸಿದವರು, ಅನ್ನದಾನ ಮಾಡಿದವರು, ವೇದಿಕೆ ಕಟ್ಟಿದವರು ತಮ್ಮ ಹೆಸರು ಕಾಣಬೇಕೆಂದು ಬಯಸುವುದು ತಪ್ಪಲ್ಲ. ಅವರಿಗಾಗಿ ಎರಡನೆಯ ಪ್ರತಿ ಮಾಡಿ. ಅದರಲ್ಲಿ ಪೂಜೆಯ ಕ್ರಮ, ಸೇವಾಕರ್ತರ ಪೂರ್ಣ ಪಟ್ಟಿ, ಪ್ರವಚನದ ಸಾರ ಎಲ್ಲವೂ ಇರಲಿ, ಅದು ಸಮಾಜದ ಪತ್ರಿಕೆಗಳಿಗೂ ಜಾಲತಾಣಗಳಿಗೂ ಹೋಗಲಿ. ಅಲ್ಲಿ ಅದನ್ನು ಓದುವವರಿದ್ದಾರೆ, ಮುಂದೆ ಬಸದಿಯ ದಾಖಲೆಯಾಗಿಯೂ ಅದು ಉಳಿಯುತ್ತದೆ. ಆದರೆ ಆ ಪ್ರತಿಯಲ್ಲೂ ವಿದ್ಯಾರ್ಥಿನಿಲಯದ ಪ್ಯಾರಾ ಮೇಲೆಯೇ ಇರಬೇಕು, ಅರ್ಜಿ ಹಾಕಬೇಕಾದ ಕುಟುಂಬಗಳು ಹೆಚ್ಚಾಗಿ ಓದುವುದು ಅದನ್ನೇ.

ಕೆಲವು ಸಲ ಪೆನ್ಸಿಲ್ ಹಿಡಿದು ಎಷ್ಟು ಹುಡುಕಿದರೂ ಯಾವ ವಾಕ್ಯಕ್ಕೂ ಗುರುತು ಬೀಳುವುದಿಲ್ಲ. ಆಗ ದಿನಪತ್ರಿಕೆಗೆ ನಡೆದ ಮೇಲಿನ ವರದಿ ಕಳುಹಿಸುವುದಕ್ಕಿಂತ, ನಡೆಯುವ ಮೂರು ನಾಲ್ಕು ದಿನ ಮೊದಲೇ ದಿನ, ಸಮಯ, ಸ್ಥಳ ಬರೆದು ಕಾರ್ಯಕ್ರಮಗಳ ಅಂಕಣಕ್ಕೆ ಮೂರು ಸಾಲು ಕಳುಹಿಸುವುದು ಹೆಚ್ಚು ಫಲ ಕೊಡುತ್ತದೆ. ಅದನ್ನು ಓದಿದ ನಾಲ್ಕು ಜನ ಬಸದಿಗೆ ಬರಬಹುದು. ಮುಗಿದ ಉತ್ಸವದ ವರದಿ ಓದಿ ಯಾರೂ ಬರಲಾರರು.